ಟಿಕ್ ಎಲ್ಲ ಇದೆ, ಬಿಲ್ ಮಾತ್ರ ತಪ್ಪು: ಚೆಕ್‌ಲಿಸ್ಟ್ ಎಲ್ಲಿ ಸೋಲುತ್ತದೆ?

ಓದುಗರ ಪ್ರಶ್ನೆ: ನಮ್ಮ ಬಿಲ್ಲಿಂಗ್ ವಿಭಾಗದಲ್ಲಿ ಮೂವರಿದ್ದೇವೆ. ಡೆಲಿವರಿ ಚಲನ್ ನೋಡಿಕೊಂಡು ದಿನಕ್ಕೆ ಸುಮಾರು 40 ಬಿಲ್ ಮಾಡುತ್ತೇವೆ. ತಪ್ಪು ಜಾಸ್ತಿ ಆಗುತ್ತಿದೆ ಅಂತ ಮೂರು ತಿಂಗಳ ಹಿಂದೆ 28 ಅಂಶಗಳ ಚೆಕ್‌ಲಿಸ್ಟ್ ತಂದೆವು. ಪ್ರತಿ ಬಿಲ್‌ಗೂ ಟಿಕ್ ಹಾಕುತ್ತೇವೆ. ಆದರೂ ಗ್ರಾಹಕರಿಂದ ಬಿಲ್ ವಾಪಸ್ ಬರುವುದು ನಿಂತಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಒಂದು ಲೆಕ್ಕ ಹಾಕಿ ನೋಡಿ. 40 ಬಿಲ್, ಒಂದೊಂದಕ್ಕೆ 28 ಟಿಕ್. ದಿನಕ್ಕೆ 1,120 ಟಿಕ್ ಆಯಿತು. ಅಷ್ಟು ಸಲ ನಿಂತು, ನೋಡಿ, ಟಿಕ್ ಹಾಕಲು ಯಾರಿಂದಲೂ ಆಗುವುದಿಲ್ಲ. ಸ್ವಲ್ಪ ದಿನಕ್ಕೇ ಕೈ ತಾನಾಗಿ ಓಡುತ್ತದೆ, ಕಣ್ಣು ಹಿಂದೆ ಉಳಿಯುತ್ತದೆ. ಇದು ನಿಮ್ಮವರ ಸೋಮಾರಿತನ ಅಲ್ಲ. ಪಟ್ಟಿಯೇ ಅವರ ಕೈಲಾಗದಷ್ಟು ಕೇಳುತ್ತಿದೆ.

ಆ ಪಟ್ಟಿಯನ್ನು ಸದ್ಯ ಪಕ್ಕಕ್ಕಿಡಿ. ಈ ಮೂರು ತಿಂಗಳಲ್ಲಿ ವಾಪಸ್ ಬಂದ ಬಿಲ್‌ಗಳನ್ನೆಲ್ಲ ಒಂದು ಮೇಜಿನ ಮೇಲೆ ಹರಡಿಕೊಂಡು ಮೂವರೂ ಕೂತುಕೊಳ್ಳಿ. ಒಂದೊಂದು ಬಿಲ್‌ಗೂ ಮೂರು ವಿಷಯ ಬರೆಯಿರಿ. ತಪ್ಪಾಗಿದ್ದು ಏನು? ಅದು ಯಾವ ಹಂತದಲ್ಲಿ ನುಸುಳಿತು? ಬಿಲ್ ಹೊರಗೆ ಹೋಗುವ ಮುಂಚೆ ಯಾವ ಕಾಗದದ ಪಕ್ಕದಲ್ಲಿಟ್ಟು ನೋಡಿದ್ದರೆ ಅದು ಕಾಣುತ್ತಿತ್ತು?

ಈ ಮೂರನೇ ಪ್ರಶ್ನೆಯಲ್ಲೇ ನಿಮ್ಮ ಹೊಸ ಚೆಕ್‌ಲಿಸ್ಟ್ ಇದೆ. ಪರಿಶೀಲನೆ ಅಂದರೆ ಬೇರೆ ಬೇರೆ ಕಡೆಯಿಂದ ಬಂದ ಎರಡು ಸಂಖ್ಯೆಗಳನ್ನು ಹೋಲಿಸುವುದು. ‘ಪ್ರಮಾಣ ಸರಿ ಇದೆಯೇ?’ ಅಂತ ಕೇಳಿದರೆ ಬಿಲ್ಲನ್ನೇ ನೋಡಿ ‘ಹೌದು’ ಅಂತ ಟಿಕ್ ಹಾಕುತ್ತೇವೆ. ‘ಚಲನ್‌ನಲ್ಲಿ ಎಷ್ಟಿದೆ? ಬಿಲ್‌ನಲ್ಲಿ ಎಷ್ಟಿದೆ?’ ಅಂತ ಕೇಳಿದರೆ ಚಲನ್ ಕೈಗೆ ತೆಗೆದುಕೊಳ್ಳಲೇಬೇಕು. ನನ್ನ ಅನುಭವದಲ್ಲಿ ಹೀಗೆ ಕೂತು ನೋಡಿದಾಗ ಬಹುಪಾಲು ತಪ್ಪುಗಳು ನಾಲ್ಕೈದು ಬಗೆಯವೇ ಆಗಿರುತ್ತವೆ: ಪ್ರಮಾಣ ತಪ್ಪು, ಹಳೇ ರೇಟು, ಒಂದೇ ಚಲನ್‌ಗೆ ಎರಡು ಬಿಲ್, ರಿಟರ್ನ್ ಕಳೆಯದೇ ಬಿಟ್ಟಿದ್ದು.

ಪ್ರಮಾಣದ ತಪ್ಪಿಗೆ ಒಂದೊಂದೇ ಬಿಲ್ ನೋಡುವುದಕ್ಕಿಂತ ಒಳ್ಳೆಯ ದಾರಿ ಇದೆ. ಬಿಲ್ ಮಾಡಲು ಕೂರುವ ಮುಂಚೆ ಒಬ್ಬರು ಆ ದಿನದ ಚಲನ್‌ಗಳನ್ನು ಎಣಿಸಿ, ಅವುಗಳಲ್ಲಿರುವ ಪ್ರಮಾಣವನ್ನೆಲ್ಲ ಕೂಡಿ, ಒಂದು ಚೀಟಿಯಲ್ಲಿ ಬರೆದಿಡಲಿ. ಬಿಲ್ ಎಲ್ಲ ಮುಗಿದ ಮೇಲೆ ಕಂಪ್ಯೂಟರ್‌ನಿಂದ ಅದೇ ಎರಡು ಸಂಖ್ಯೆ ತೆಗೆಯಿರಿ. ಪೆಟ್ಟಿಗೆ, ಕಿಲೋ, ಲೀಟರ್ ಎಲ್ಲವನ್ನೂ ಸುಮ್ನೆ ಒಟ್ಟಿಗೆ ಕೂಡಿದರೂ ಅಡ್ಡಿಯಿಲ್ಲ. ಆ ಮೊತ್ತಕ್ಕೆ ಬೇರೆ ಅರ್ಥ ಬೇಕಿಲ್ಲ, ಎರಡೂ ಕಡೆ ಒಂದೇ ಬಂದರೆ ಸಾಕು.

ಒಂದು ದಿನದ ಲೆಕ್ಕ ಹೀಗಿದೆ ಅಂದುಕೊಳ್ಳಿ. ಚೀಟಿಯಲ್ಲಿ 40 ಚಲನ್, ಒಟ್ಟು 1,286. ಕಂಪ್ಯೂಟರ್‌ನಲ್ಲಿ 40 ಬಿಲ್, ಒಟ್ಟು 1,295. ಬಿಲ್ ಯಾವುದೂ ಬಿಟ್ಟುಹೋದ ಹಾಗಿಲ್ಲ, ಆದರೆ 9 ಜಾಸ್ತಿ ಇದೆ. ಪಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೆ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಹಾಗಾಗಿ ಮೊದಲ ಅನುಮಾನ ಅದರ ಮೇಲೆಯೇ. ವ್ಯತ್ಯಾಸ ಬರೀ 9 ಆಗಿರುವುದರಿಂದ ಕೊನೆಯ ಎರಡು ಅಂಕಿಗಳಲ್ಲಿ ಒಂದರಷ್ಟೇ ಅಂತರ ಇರುವ ಸಾಲುಗಳನ್ನು ಹುಡುಕಬೇಕು. 21, 43, 65, ಇಂಥವು. 40 ಬಿಲ್‌ನಲ್ಲಿ ಹೀಗಿರುವುದು ಕೆಲವೇ. ಅವುಗಳ ಚಲನ್ ತೆಗೆದರೆ ಒಂದರಲ್ಲಿ 34 ಅಂತ ಇರುತ್ತದೆ, ಬಿಲ್‌ನಲ್ಲಿ 43 ಆಗಿರುತ್ತದೆ.

ಬೇರೆ ವ್ಯತ್ಯಾಸಗಳೂ ಹೀಗೇ ಸುಳಿವು ಕೊಡುತ್ತವೆ. ಬಿಲ್‌ಗಳ ಎಣಿಕೆ 39 ಬಂದರೆ ಒಂದು ಚಲನ್ ಬಿಟ್ಟುಹೋಗಿದೆ. ಮೊತ್ತ ಎಷ್ಟು ಕಡಿಮೆ ಇದೆಯೋ ಅಷ್ಟೇ ಪ್ರಮಾಣದ ಚಲನ್ ಹುಡುಕಿ. ರಿಟರ್ನ್ ಬಂದ 25ನ್ನು ಕಳೆಯುವ ಬದಲು ಕೂಡಿಸಿಬಿಟ್ಟರೆ ವ್ಯತ್ಯಾಸ ಅದರ ಎರಡು ಪಟ್ಟು, ಅಂದರೆ 50 ಬರುತ್ತದೆ. ಅದಕ್ಕೇ ವ್ಯತ್ಯಾಸವನ್ನು ಅರ್ಧ ಮಾಡಿಯೂ ಒಮ್ಮೆ ಹುಡುಕಿ ನೋಡಿ.

ಆದರೆ ಈ ಮೊತ್ತ ಎಲ್ಲವನ್ನೂ ಹಿಡಿಯುವುದಿಲ್ಲ. ಒಂದು ಬಿಲ್‌ನಲ್ಲಿ 9 ಜಾಸ್ತಿ, ಇನ್ನೊಂದರಲ್ಲಿ 9 ಕಡಿಮೆ ಆದರೆ ಎರಡೂ ಸೇರಿ ಮುಚ್ಚಿಹೋಗುತ್ತವೆ. ಸರಿಯಾದ ಪ್ರಮಾಣವನ್ನು ತಪ್ಪು ಗ್ರಾಹಕರ ಹೆಸರಿಗೆ ಹಾಕಿದರೂ ಗೊತ್ತಾಗುವುದಿಲ್ಲ. ರೇಟಿನ ತಪ್ಪಂತೂ ಇದರ ಕಣ್ಣಿಗೆ ಬೀಳುವುದೇ ಇಲ್ಲ.

ರೇಟಿಗೆ ಬೇರೆ ಉಪಾಯ ಬೇಕು. ಹಳೇ ರೇಟಿನ ತಪ್ಪು ಜಾಸ್ತಿ ಆಗುವುದು ರೇಟು ಬದಲಾದ ಆಸುಪಾಸಿನ ದಿನಗಳಲ್ಲಿ. ಮಾಲು ಹೋಗಿದ್ದು 30ನೇ ತಾರೀಕು, ಹೊಸ ರೇಟು ಶುರುವಾಗಿದ್ದು 1ನೇ ತಾರೀಕು, ಬಿಲ್ ಮಾಡಿದ್ದು 2ನೇ ತಾರೀಕು. ಯಾವ ರೇಟು ಹಾಕಬೇಕು? ಇದನ್ನು ಬಿಲ್ ಮಾಡುವವರು ಊಹಿಸಬಾರದು. ಡೆಲಿವರಿ ದಿನದ ರೇಟೋ, ಬಿಲ್ ದಿನದ ರೇಟೋ ಅನ್ನುವುದು ಗ್ರಾಹಕರ ಜೊತೆಗಿನ ಒಪ್ಪಂದದಲ್ಲಿ ಇರಬೇಕು. ಅಲ್ಲಿಲ್ಲದಿದ್ದರೆ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಚೆಕ್‌ಲಿಸ್ಟ್‌ನಲ್ಲಿ ಇಲ್ಲಿ ಟಿಕ್ ಬೇಡ, ಖಾಲಿ ಜಾಗ ಬಿಡಿ: ‘ಡೆಲಿವರಿ ದಿನಾಂಕ ____, ಹಾಕಿದ ರೇಟು ಶುರುವಾದ ದಿನಾಂಕ ____’. ನೋಡದೆ ಟಿಕ್ ಹಾಕಬಹುದು. ನೋಡದೆ ದಿನಾಂಕ ಬರೆಯಲು ಆಗಲ್ಲ, ಅಲ್ವಾ?

ಒಂದೇ ಚಲನ್‌ಗೆ ಎರಡು ಬಿಲ್ ಆಗುವುದನ್ನು ತಡೆಯಲು ಚೆಕ್‌ಲಿಸ್ಟ್ ಬೇಕೇ ಇಲ್ಲ. ಸಾಧ್ಯವಿದ್ದರೆ ಚಲನ್ ಸಂಖ್ಯೆ ಎರಡನೇ ಸಲ ಬಂದರೆ ಸಾಫ್ಟ್‌ವೇರ್ ಒಪ್ಪದ ಹಾಗೆ ಮಾಡಿಸಿ. ಅದು ಆಗದಿದ್ದರೆ ಬಿಲ್ ಆದ ಚಲನ್ ಮೇಲೆ ಆಗಲೇ ಬಿಲ್ ಸಂಖ್ಯೆ ಬರೆದು ಬೇರೆ ಟ್ರೇಗೆ ಹಾಕಿ.

ಇನ್ನು ಎರಡನೇ ಕಣ್ಣಿನ ವಿಷಯ. 40 ಬಿಲ್ಲನ್ನೂ ಇನ್ನೊಬ್ಬರು ನೋಡಬೇಕಿಲ್ಲ. ಹೊಸ ಗ್ರಾಹಕರ ಮೊದಲ ಬಿಲ್, ರೇಟು ಬದಲಾದ ಮೇಲಿನ ಮೊದಲ ಬಿಲ್, ಎಲ್ಲ ಕ್ರೆಡಿಟ್ ನೋಟ್, ಆ ಗ್ರಾಹಕರ ಎಂದಿನ ಮೊತ್ತಕ್ಕಿಂತ ತುಂಬಾ ಹೆಚ್ಚುಕಡಿಮೆ ಇರುವ ಬಿಲ್, ಇವನ್ನು ಎರಡನೆಯವರು ನೋಡದೆ ಕಳಿಸಬೇಡಿ. ಉಳಿದವುಗಳಲ್ಲಿ ದಿನಕ್ಕೆ ನಾಲ್ಕು ಸಾಕು. ಆದರೆ ಕೈಗೆ ಸಿಕ್ಕ ನಾಲ್ಕಲ್ಲ. ಇವತ್ತು 3ರಲ್ಲಿ ಮುಗಿಯುವ ಬಿಲ್ ಸಂಖ್ಯೆಗಳು, ನಾಳೆ 7ರಲ್ಲಿ ಮುಗಿಯುವವು, ಹೀಗೆ. ಅಂಕಿ ಯಾವುದು ಅಂತ ಬಿಲ್ ಮುಗಿದ ಮೇಲೆ ಆರಿಸಿ.

ಇಲ್ಲಿ ನಾನು ಒಂದು ಕಡೆ ಕೆಲಸ ಮಾಡುವಾಗ ಕಂಡದ್ದನ್ನು ಹೇಳಬೇಕು. ಅಲ್ಲಿ ಎರಡನೆಯವರು ಪ್ರಿಂಟ್ ಆದ ಬಿಲ್ಲನ್ನು ಮೇಲಿಂದ ಕೆಳಕ್ಕೆ ಓದಿ ಸಹಿ ಹಾಕುತ್ತಿದ್ದರು. ಕೂಡಿಕೆ ಸರಿಯಿತ್ತು, ಬಿಲ್ ನೀಟಾಗಿ ಕಾಣುತ್ತಿತ್ತು, ಪ್ರಮಾಣ ಮಾತ್ರ ತಪ್ಪಿರುತ್ತಿತ್ತು. ತಿದ್ದಿದ್ದು ಇಷ್ಟೇ: ಮೊದಲು ಚಲನ್ ಓದಬೇಕು, ಆಮೇಲೆ ಬಿಲ್‌ನಲ್ಲಿ ಅದನ್ನು ಹುಡುಕಬೇಕು. ಕ್ರಮ ತಿರುಗಿಸಿದ ಮೇಲೆ ತಪ್ಪುಗಳು ಒಳಗೇ ಸಿಗತೊಡಗಿದವು.

ಹೊಸ ಪದ್ಧತಿ ನಡೆಯುತ್ತಿದೆಯೋ ಇಲ್ಲವೋ ಅಂತ ತಿಳಿಯಲು ಪ್ರತಿ ವಾರ ಎರಡು ಸಂಖ್ಯೆ ಬರೆದಿಡಿ: ಒಳಗೇ ಸಿಕ್ಕ ತಪ್ಪು ಎಷ್ಟು, ಗ್ರಾಹಕರಿಂದ ವಾಪಸ್ ಬಂದದ್ದು ಎಷ್ಟು. ಮೊದಲ ವಾರಗಳಲ್ಲಿ ಒಳಗಿನ ಸಂಖ್ಯೆ ಏರಿದರೆ ಗಾಬರಿ ಬೇಡ, ಮೊದಲು ಹೊರಗೆ ಹೋಗುತ್ತಿದ್ದವು ಈಗ ಒಳಗೆ ಸಿಗುತ್ತಿವೆ. ಒಳಗೆ ಸೊನ್ನೆ, ಹೊರಗಿನಿಂದ ಮಾತ್ರ ಬರುತ್ತಲೇ ಇವೆ ಅಂದರೆ ನೋಡದೇ ಸಹಿ ಬೀಳುತ್ತಿದೆ, ಅಥವಾ ಹೋಲಿಸಬೇಕಾದದ್ದನ್ನು ಬಿಟ್ಟು ಬೇರೇನೋ ನೋಡುತ್ತಿದ್ದೀರಿ. ಈ ಲೆಕ್ಕದಲ್ಲಿ ತಪ್ಪು ಮಾಡಿದವರ ಹೆಸರು ಬರೆಯಬೇಡಿ. ಹೆಸರು ಬರೆದ ದಿನದಿಂದ ಜನ ತಪ್ಪನ್ನು ಸದ್ದಿಲ್ಲದೆ ತಿದ್ದಿ ಮುಚ್ಚಿಡುತ್ತಾರೆ. ಯಾವ ಹಂತ ಅಂತ ಬರೆದರೆ ಸಾಕು.