ಉಪಾಕರ್ಮ: ನಿಮ್ಮ ದಿನ ಯಾವುದು, ಜನಿವಾರ ಬದಲಿಸುವ ಕ್ರಮ ಹೇಗೆ

ಶ್ರಾವಣದ ನೂಲು ಹುಣ್ಣಿಮೆಯನ್ನು ಎಲ್ಲರೂ ಜನಿವಾರ ಬದಲಿಸುವ ದಿನವೆಂದೇ ಕರೆಯುತ್ತೇವೆ. ಆದರೆ ಅಂದು ನಡೆಯುವ ಕರ್ಮದ ಹೆಸರು ಉಪಾಕರ್ಮ, ಅಂದರೆ ವರ್ಷದ ವೇದಾಧ್ಯಯನವನ್ನು ಹೊಸದಾಗಿ ಆರಂಭಿಸುವುದು. ಜನಿವಾರ ಧರಿಸುವುದು ಅದರ ಒಂದು ಅಂಗ ಮಾತ್ರ. ಇದು ತಿಳಿದರೆ, ಎಲ್ಲರಿಗೂ ಒಂದೇ ದಿನ ಏಕಲ್ಲ ಎಂಬುದೂ ತಿಳಿಯುತ್ತದೆ: ಅಧ್ಯಯನ ಯಾವ ವೇದದ್ದೋ, ದಿನವೂ ಆ ವೇದದ್ದೇ.

ಋಗ್ವೇದಿಗಳು ನೋಡುವುದು ಶ್ರಾವಣ ಮಾಸದ ಶ್ರವಣ ನಕ್ಷತ್ರವನ್ನು. ಯಜುರ್ವೇದಿಗಳಿಗೆ ಮುಖ್ಯವಾದದ್ದು ಹುಣ್ಣಿಮೆ. ಸಾಮವೇದಿಗಳದ್ದು ಭಾದ್ರಪದದ ಹಸ್ತಾ ನಕ್ಷತ್ರ. ಶ್ರವಣವೂ ಹುಣ್ಣಿಮೆಯೂ ಹಲವು ಸಲ ಒಟ್ಟಿಗೇ ಬರುವುದರಿಂದ, ಋಗ್ವೇದದ ಮನೆಯ ಹುಡುಗರು ಹುಣ್ಣಿಮೆಯನ್ನೇ ತಮ್ಮ ದಿನವೆಂದುಕೊಳ್ಳುತ್ತಾರೆ. ನಾನೂ ಹಾಗೆಯೇ ತಿಳಿದಿದ್ದೆ. ಒಂದು ವರ್ಷ ಅವೆರಡೂ ಬೇರೆ ಬೇರೆ ದಿನ ಬಂದಾಗಲೇ ಅಪ್ಪ ಕೂರಿಸಿಕೊಂಡು ಬಿಡಿಸಿ ಹೇಳಿದರು.

ಅಧಿಕಮಾಸ ಬಂದ ವರ್ಷ ಇನ್ನೊಂದು ಎಚ್ಚರ ಬೇಕು. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣವಿತ್ತು. ಆ ಅವಧಿಯಲ್ಲಿ ಬಂದ ಹುಣ್ಣಿಮೆಯನ್ನು ಬಿಟ್ಟು, ನಿಜ ಶ್ರಾವಣದ ಹುಣ್ಣಿಮೆಯನ್ನು ಹಿಡಿಯಬೇಕಾಯಿತು.

ಹೆಚ್ಚು ಗೊಂದಲವಾಗುವುದು ಗ್ರಹಣ ಬಂದಾಗ. ಗ್ರಹಣವೋ ಸಂಕ್ರಾಂತಿಯೋ ಆ ದಿನದ ಅರ್ಧರಾತ್ರಿಗೆ ಮೊದಲೇ ಬಂದರೆ ಅಂದು ಉಪಾಕರ್ಮ ಬೇಡ, ಅರ್ಧರಾತ್ರಿ ಕಳೆದ ಮೇಲೆ ಬಂದರೆ ದೋಷವಿಲ್ಲ ಎಂದು ಧರ್ಮಶಾಸ್ತ್ರದ ನಿಬಂಧಗಳು ಹೇಳುತ್ತವೆ. ಇದನ್ನು 2017ರ ಆಗಸ್ಟ್ 7ಕ್ಕೆ ಹಚ್ಚಿ ನೋಡೋಣ. ಅಂದು ಶ್ರಾವಣ ಹುಣ್ಣಿಮೆ. ಭಾರತದಲ್ಲಿ ಚಂದ್ರಗ್ರಹಣದ ಸ್ಪರ್ಶ ರಾತ್ರಿ 10 ಗಂಟೆ 52 ನಿಮಿಷಕ್ಕೆ, ಮೋಕ್ಷ 12 ಗಂಟೆ 48 ನಿಮಿಷಕ್ಕೆ. ಗ್ರಹಣ ಹಿಡಿದದ್ದು ಅರ್ಧರಾತ್ರಿಗೆ ಮೊದಲೇ ಆದ್ದರಿಂದ, ಈ ವಚನದಂತೆ ಆ ದಿನಕ್ಕೆ ದೋಷವಿದೆ. ಆಗ ಯಜುರ್ವೇದಿಗಳಿಗೆ ಭಾದ್ರಪದ ಹುಣ್ಣಿಮೆಯನ್ನೂ, ಋಗ್ವೇದಿಗಳಿಗೆ ಶ್ರಾವಣ ಶುದ್ಧ ಪಂಚಮಿಯನ್ನೂ ಪರ್ಯಾಯವಾಗಿ ಹೇಳಿದ್ದಾರೆ. ಪಂಚಮಿಯು ಹುಣ್ಣಿಮೆಗಿಂತ ಹತ್ತು ದಿನ ಮೊದಲೇ ಬರುತ್ತದೆ. ಆದ್ದರಿಂದ ಋಗ್ವೇದಿಗಳು ಆಷಾಢ ಮುಗಿಯುವ ಮೊದಲೇ ಪಂಚಾಂಗ ತೆರೆದು ನೋಡಬೇಕು. ಈ ನಿರ್ಣಯದಲ್ಲಿ ಪರಂಪರೆಗಳೊಳಗೆ ಭೇದವಿದೆ. ಹಾಗಾಗಿ ನಮ್ಮ ಮನೆ ಅನುಸರಿಸುವ ಮಠದ ಪಂಚಾಂಗವೇ ಕೊನೆಯ ಮಾತು, ಗೋಡೆಯ ಕ್ಯಾಲೆಂಡರ್ ಅಲ್ಲ.

ಇನ್ನು ಕ್ರಮ. ಸ್ನಾನ, ಸಂಧ್ಯಾವಂದನೆ ಮುಗಿದ ಮೇಲೆ ಸಂಕಲ್ಪ, ಪಂಚಗವ್ಯ ಪ್ರಾಶನ, ಋಷಿಪೂಜೆ, ಹೋಮ, ಜನಿವಾರ ಧಾರಣೆ, ಬ್ರಹ್ಮಯಜ್ಞ ಮತ್ತು ತರ್ಪಣ ಇರುತ್ತವೆ. ಹಿಂದುಮುಂದು ಸೂತ್ರಕ್ಕೆ ತಕ್ಕಂತೆ ಬದಲಾಗುತ್ತದೆ. ಧಾರಣೆಯನ್ನಷ್ಟೇ ಹತ್ತಿರದಿಂದ ನೋಡೋಣ.

ಹೊಸ ಜನಿವಾರದ ಮೂರೆಳೆಗಳನ್ನು ಸಿಕ್ಕಾಗದಂತೆ ಬಿಡಿಸಿ, ನೀರಿನಲ್ಲಿ ನೆನೆಸಿ, ಬ್ರಹ್ಮಗಂಟಿಗೆ ಕುಂಕುಮ ಹಚ್ಚಿ. ಅದನ್ನು ಹಿಡಿದು ಹತ್ತು ಸಲ ಗಾಯತ್ರಿ ಜಪಿಸಿ. ಆಚಮನ, ಪ್ರಾಣಾಯಾಮ, ಸಂಕಲ್ಪ ಮಾಡಿ. ಗಂಟಿರುವ ತುದಿ ಅಂಗಾತ ಹಿಡಿದ ಬಲಗೈಯಲ್ಲಿ ಮೇಲಿರಲಿ, ಇನ್ನೊಂದು ತುದಿ ಎಡಗೈಯಲ್ಲಿ ಕೆಳಗಿರಲಿ. ‘ಯಜ್ಞೋಪವೀತಂ ಪರಮಂ ಪವಿತ್ರಂ’ ಮಂತ್ರ ಹೇಳುತ್ತಾ ಬಲಗೈ ತೂರಿಸಿ, ಎಡ ಹೆಗಲ ಮೇಲೆ ಬರುವಂತೆ ಹಾಕಿಕೊಳ್ಳಿ. ಬ್ರಹ್ಮಚಾರಿಗೆ ಒಂದು ಸಾಕು. ಗೃಹಸ್ಥನಿಗೆ ಎರಡು, ಎರಡನ್ನೂ ಒಟ್ಟಿಗೆ ಹಾಕದೆ, ನಡುವೆ ಆಚಮನ ಮಾಡಿ ಮಂತ್ರವನ್ನು ಮತ್ತೆ ಹೇಳಿ ಎರಡನೆಯದನ್ನು ಹಾಕಬೇಕು.

ಇಷ್ಟಾದ ಮೇಲೆಯೇ ಹಳೆಯದನ್ನು ತೆಗೆಯುವುದು. ‘ಉಪವೀತಂ ಭಿನ್ನತಂತುಂ’ ಶ್ಲೋಕ ಹೇಳಿ ವಿಸರ್ಜಿಸಿ ಮತ್ತೆ ಆಚಮನ. ಮೈಮೇಲೆ ಜನಿವಾರವಿಲ್ಲದ ಒಂದು ಕ್ಷಣವೂ ಇರಬಾರದು. ಒದ್ದೆ ಎಳೆಗಳಲ್ಲಿ ಹೊಸದೂ ಹಳೆಯದೂ ಹೆಣೆದುಕೊಂಡು, ಹಳೆಯದೆಂದು ಹೊಸದನ್ನೇ ತೆಗೆದವರನ್ನು ನೋಡಿದ್ದೇನೆ. ಕುಂಕುಮವಿರುವ ಗಂಟನ್ನು ಬೆರಳಲ್ಲಿ ಹಿಡಿದು, ಇನ್ನೊಂದು ಗಂಟಿನಿಂದ ಎಳೆ ಬಿಡಿಸುತ್ತಾ ಹೋದರೆ ಗುರುತು ತಪ್ಪುವುದಿಲ್ಲ. ತೆಗೆದದ್ದನ್ನು ಕಾಲಿಗೆ ಸಿಗದ ಕಡೆ, ಗಿಡದ ಬುಡಕ್ಕೆ ಹಾಕಬಹುದು.

ತರ್ಪಣದಲ್ಲಿ ಜನಿವಾರದ ಜಾಗ ಬದಲಾಗುತ್ತದೆ: ದೇವತೆಗಳಿಗೆ ಎಡ ಹೆಗಲು, ಋಷಿಗಳಿಗೆ ಮಾಲೆಯಂತೆ ಕೊರಳಲ್ಲಿ, ಪಿತೃಗಳಿಗೆ ಬಲ ಹೆಗಲು. ತಂದೆ ಬದುಕಿರುವವರು ಪಿತೃತರ್ಪಣದ ಭಾಗ ಬಂದಾಗ ಪಕ್ಕದವರನ್ನು ನೋಡಿ ಮಾಡಬೇಡಿ. ಅವರ ನಿಯಮ ಬೇರೆ. ಕೂರುವ ಮೊದಲೇ ಪುರೋಹಿತರನ್ನು ಕೇಳಿಕೊಳ್ಳಿ.

ಹೇಳಿಕೊಡುವವರು ಯಾರಿರಬೇಕು? ಉಪನಯನದ ನಂತರದ ಮೊದಲ ಉಪಾಕರ್ಮವಾದರೆ ಪುರೋಹಿತರು ಬೇಕೇ ಬೇಕು, ಅದೂ ನಮ್ಮ ಶಾಖೆ ಮತ್ತು ಸೂತ್ರದ ಪ್ರಯೋಗ ಬಲ್ಲವರು. ಗುರು ಅಥವಾ ಶುಕ್ರ ಅಸ್ತವಾಗಿದ್ದರೆ ಆ ಮೊದಲ ಉಪಾಕರ್ಮವನ್ನು ಮುಂದೂಡುತ್ತಾರೆ. ಆಮೇಲಿನ ವರ್ಷಗಳಲ್ಲಿ ಗಾಯತ್ರಿ ಉಪದೇಶಿಸಿದ ತಂದೆಯೋ, ನಿತ್ಯ ಸಂಧ್ಯಾವಂದನೆ ಬಿಡದ ಮನೆಯ ಹಿರಿಯರೋ ಧಾರಣೆ ಮಾಡಿಸಬಹುದು. ಧ್ವನಿಮುದ್ರಣ ಹಾಕಿಕೊಂಡು ಮಾಡುವವರಿದ್ದಾರೆ. ಉಚ್ಚಾರಣೆ ಕಲಿಯಲು ಅದು ಒಳ್ಳೆಯದೇ. ಆದರೆ ಸಂಕಲ್ಪದಲ್ಲಿ ಸಂವತ್ಸರ, ತಿಥಿ, ಗೋತ್ರಗಳು ನಮ್ಮವೇ ಬರಬೇಕು, ಪ್ರಯೋಗವೂ ನಮ್ಮ ಸೂತ್ರದ್ದಾಗಿರಬೇಕು. ಬೇರೆ ಶಾಖೆಯ ಮುದ್ರಣವನ್ನು ಅನುಸರಿಸಿದರೆ ಕಾಂಡಋಷಿಗಳ ಹೆಸರಿನಿಂದಲೇ ವ್ಯತ್ಯಾಸ ಶುರುವಾಗುತ್ತದೆ.

ಆ ದಿನ ಸೂತಕವಿದ್ದರೆ ಉಪಾಕರ್ಮ ಮಾಡುವಂತಿಲ್ಲ. ಸೂತಕ ಕಳೆದು ಶುದ್ಧಿಯಾದ ಮೇಲೆ ಜನಿವಾರ ಬದಲಿಸಿಕೊಂಡು, ಉಪಾಕರ್ಮಕ್ಕೆ ಮುಂದಿನ ದಿನ ಯಾವುದೆಂದು ಪುರೋಹಿತರಿಂದ ಗೊತ್ತುಮಾಡಿಕೊಳ್ಳಿ. ವರ್ಷದ ನಡುವೆ ಎಳೆ ಹರಿದರೆ ಮಾತ್ರ ಶ್ರಾವಣಕ್ಕೆ ಕಾಯಬಾರದು. ಅಂದೇ ಸ್ನಾನ ಮಾಡಿ, ಮೇಲೆ ಹೇಳಿದ ಧಾರಣೆಯ ಭಾಗವನ್ನಷ್ಟೇ ಮಾಡಿ ಹೊಸದನ್ನು ಹಾಕಿಕೊಳ್ಳಬೇಕು.