ನಾಲಿಗೆಯಲ್ಲಿ ಹುಣ್ಣಿಲ್ಲ, ಆದರೂ ಉರಿ ಯಾಕೆ?

ಪ್ರಶ್ನೆ: ನನಗೆ 54 ವರ್ಷ. ಊರು ಶಿರಸಿ ಹತ್ತಿರ. ನಾವು ಸಸ್ಯಾಹಾರಿಗಳು. ಮೂರ್ನಾಲ್ಕು ತಿಂಗಳಿಂದ ನಾಲಿಗೆ ಉರಿಯುತ್ತಿದೆ. ಕನ್ನಡಿಯಲ್ಲಿ ನೋಡಿದರೆ ಹುಣ್ಣು, ಗುಳ್ಳೆ ಏನೂ ಕಾಣುವುದಿಲ್ಲ. ಅಪ್ಪೆಹುಳಿ ಬಾಯಿಗಿಟ್ಟರೆ ಕಣ್ಣಲ್ಲಿ ನೀರು ಬರುತ್ತದೆ. ಸಕ್ಕರೆ ಕಾಯಿಲೆಗೆ ಏಳು ವರ್ಷದಿಂದ ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೇನೆ. ಊಟವಾದ ಮೇಲೆ ಕವಳ ಹಾಕುವ ರೂಢಿ ಇದೆ. ಖಾರ ಜಾಸ್ತಿ ತಿಂದಿದ್ದಕ್ಕೇ ಹೀಗಾಯಿತು ಅಂತಾರೆ ಮನೆಯಲ್ಲಿ. ಹೌದಾ?

ಉತ್ತರ: ಇಷ್ಟು ವರ್ಷ ಅದೇ ಅಪ್ಪೆಹುಳಿ, ಅದೇ ಸೂಜಿಮೆಣಸು ತಿಂದು ಏನೂ ಆಗಿರಲಿಲ್ಲ ಅಲ್ವಾ? ಹಾಗಾದರೆ ಬದಲಾಗಿದ್ದು ಖಾರವಲ್ಲ, ನಾಲಿಗೆ. ಬಿಸಿ ತಾಗಿದಾಗ ಎಚ್ಚರಿಸುವ ನರಗಳನ್ನೇ ಮೆಣಸಿನ ಖಾರವೂ ಕೆರಳಿಸುತ್ತದೆ. ನಾಲಿಗೆಯ ಮೇಲ್ಪದರ ತೆಳುವಾದರೆ ಅಥವಾ ಒಣಗಿದರೆ ಸ್ವಲ್ಪ ಖಾರವೂ ಚುರ್ ಅನ್ನುತ್ತದೆ. ಸದ್ಯಕ್ಕೆ ಖಾರ, ಹುಳಿ ಕಡಿಮೆ ಮಾಡಿ. ಆದರೆ ಕಾರಣ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಬೇಡಿ.

ನಿಮ್ಮ ವಿಷಯದಲ್ಲಿ ನನಗೆ ಮೊದಲು ಅನುಮಾನ ಬರುವುದು ವಿಟಮಿನ್ ಬಿ12 ಮೇಲೆ. ನಾಲಿಗೆಯ ಮೇಲಿನ ಜೀವಕೋಶಗಳು ಕೆಲವೇ ದಿನಗಳಲ್ಲಿ ಸವೆದು ಹೊಸದಾಗಿ ಹುಟ್ಟುತ್ತಿರುತ್ತವೆ. ಅದಕ್ಕೆ ಬಿ12 ಬೇಕು. ತರಕಾರಿ, ಬೇಳೆಯಲ್ಲಿ ಅದು ಇಲ್ಲವೇ ಇಲ್ಲ. ದಿನಕ್ಕೆ ಬೇಕಾಗುವುದು ಎರಡು, ಎರಡೂವರೆ ಮೈಕ್ರೋಗ್ರಾಂ. 200 ಮಿಲಿಯ ಒಂದು ಲೋಟ ಹಾಲಿನಲ್ಲಿ ಹೆಚ್ಚುಕಡಿಮೆ 1 ಮೈಕ್ರೋಗ್ರಾಂ ಸಿಗುತ್ತದೆ. ಚಹಾಕ್ಕೆ ಹಾಕುವ ಚೂರು ಹಾಲು, ನೀರು ಮಜ್ಜಿಗೆ, ತಂಬುಳಿ ನಂಬಿಕೊಂಡರೆ ಲೆಕ್ಕ ಸರಿಹೋಗುವುದಿಲ್ಲ. ಕಾರವಾರದಲ್ಲಿ ಬಂಗುಡೆ ತಿನ್ನುವವರಿಗೆ ಊಟದಿಂದ ಈ ಕೊರತೆ ಬರುವುದು ಕಡಿಮೆ. ಆದರೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಕರುಳು ಬಿ12 ಹೀರಿಕೊಳ್ಳುವುದೇ ಕಡಿಮೆಯಾಗಬಹುದು. ಗ್ಯಾಸ್ಟ್ರಿಕ್‌ಗೆ ಅಂತ ದಿನಾ ನುಂಗುವ ಪ್ಯಾಂಟೊಪ್ರಜೋಲ್ ಥರದ ಮಾತ್ರೆಯೂ ಹಾಗೇ. ಆಗ ಮೀನು ತಿನ್ನುವವರಿಗೂ ಕೊರತೆ ಬರಬಹುದು.

ಹಿಮೋಗ್ಲೋಬಿನ್ ಸರಿ ಇದೆ ಅಂದರೆ ಬಿ12 ಕೂಡ ಸರಿ ಇದೆ ಅಂತಲ್ಲ. ರಕ್ತ ಕಡಿಮೆಯಾಗುವ ಮೊದಲೇ ನಾಲಿಗೆ ಉರಿಯಬಹುದು, ಪಾದ ಜುಮ್ ಅನ್ನಬಹುದು. ಬೆಳಕಿಗೆ ನಾಲಿಗೆ ಚಾಚಿ ನೋಡಿ. ಸಾಮಾನ್ಯವಾಗಿ ಅದು ತರಿತರಿಯಾಗಿರಬೇಕು. ಕೆಂಪಗೆ, ನುಣ್ಣಗೆ ಹೊಳೆಯುತ್ತಿದ್ದರೆ ಕೊರತೆಯ ಸಾಧ್ಯತೆ ಹೆಚ್ಚು. ರಕ್ತಪರೀಕ್ಷೆಯಲ್ಲಿ ಬಿ12 200ಕ್ಕಿಂತ ಕೆಳಗಿದ್ದರೆ (ಪಿಕೋಗ್ರಾಂ/ಮಿಲಿ) ಸಾಮಾನ್ಯವಾಗಿ ಕೊರತೆ ಎನ್ನುತ್ತಾರೆ. 200ರಿಂದ 300ರ ನಡುವೆ ಇದ್ದರೆ ಗಡಿಯಲ್ಲಿದೆ ಅಂತ ಅರ್ಥ. ಜೊತೆಗೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಸಕ್ಕರೆ ಪ್ರಮಾಣವನ್ನೂ ನೋಡಿಸಿ. ಮೆಟ್‌ಫಾರ್ಮಿನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ. ಬಿ12 ಮಾತ್ರೆ ಅಥವಾ ಇಂಜೆಕ್ಷನ್ ಸೇರಿಸಿದರೆ ಸಾಕಾಗಬಹುದು. ಬರೀ ಫೋಲಿಕ್ ಆಸಿಡ್ ಮಾತ್ರೆ ತಂದು ನುಂಗುವುದೂ ಬೇಡ. ಅದರಿಂದ ರಕ್ತ ಸರಿಹೋದಂತೆ ಕಾಣುತ್ತದೆ, ಬಿ12 ಇಲ್ಲದೆ ನರಗಳಿಗೆ ಆಗುವ ಹಾನಿ ಮಾತ್ರ ಒಳಗೇ ಮುಂದುವರಿಯುತ್ತದೆ.

ಬಾಯಿ ಒಣಗುತ್ತಿದೆಯಾ? ಅವಲಕ್ಕಿ ನುಂಗಲು ನೀರು ಬೇಕಾಗುತ್ತದಾ, ರಾತ್ರಿ ನಾಲಿಗೆ ಅಂಗುಳಿಗೆ ಅಂಟುತ್ತದಾ? ಸಕ್ಕರೆ ಹತೋಟಿ ತಪ್ಪಿದರೆ ಹೀಗಾಗುತ್ತದೆ. ಸೀತಕ್ಕೆ, ಅಲರ್ಜಿಗೆ, ನಿದ್ದೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಆಗುತ್ತದೆ. ತಗೊಳ್ಳುವ ಮಾತ್ರೆಗಳ ಚೀಟಿಯನ್ನು ಡಾಕ್ಟರಿಗೆ ತೋರಿಸಿ. ಆಗಾಗ ಒಂದೊಂದು ಗುಟುಕು ನೀರು ಕುಡಿಯಿರಿ. ಉರಿ ಅಂತ ಘಾಟು ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸುವವರಿದ್ದಾರೆ. ಆಲ್ಕೋಹಾಲ್ ಇರುವಂಥದ್ದು ಬಾಯಿಯನ್ನು ಇನ್ನಷ್ಟು ಒಣಗಿಸುತ್ತದೆ.

ಇನ್ನು ಕವಳ. ಅಡಿಕೆಯೇ ಬೆಳೆಯುವ ಊರಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ತಂಬಾಕು ಹಾಕದಿದ್ದರೂ ಅಡಿಕೆಯೊಂದೇ ಬಾಯಿಯ ಒಳಚರ್ಮವನ್ನು ಗಟ್ಟಿಯಾಗಿಸಬಲ್ಲದು. ಸುಣ್ಣ ಮೇಲಿಂದ ಸುಡುತ್ತದೆ. ಹೀಗೆ ಒಳಚರ್ಮ ಗಟ್ಟಿಯಾಗುವ ರೋಗದ ಮೊದಲ ಲಕ್ಷಣ ಹೆಚ್ಚಾಗಿ ಇದೇ: ಖಾರ ತಡೆಯದಿರುವುದು. ನಂತರ ಕೆನ್ನೆಯ ಒಳಭಾಗ ಬಿಳಿಚಿ ಬಿಗಿಯುತ್ತದೆ. ತೋರು, ನಡು, ಉಂಗುರ ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ಮಧ್ಯೆ ನೆಟ್ಟಗೆ ಇಟ್ಟು ನೋಡಿ. ಮೂರೂ ಹಿಡಿಯಬೇಕು. ಎರಡೇ ಹಿಡಿದರೆ ಬೇಗ ದಂತವೈದ್ಯರಿಗೆ ತೋರಿಸಿ. ಈ ರೋಗ ಮುಂದೆ ಕ್ಯಾನ್ಸರ್‌ಗೆ ತಿರುಗಬಹುದು, ಬಿಗಿದ ಬಾಯಿ ಮತ್ತೆ ಪೂರ್ತಿ ಸಡಿಲವಾಗುವುದೂ ಕಷ್ಟ. ಉರಿಯ ಕಾರಣ ಗೊತ್ತಾಗುವವರೆಗಾದರೂ ಕವಳ ಪೂರ್ತಿ ಬಿಡಿ. ಮೂರು ಬೆರಳು ಹಿಡಿದರೂ ಮತ್ತೆ ಶುರು ಮಾಡದಿರುವುದೇ ಒಳ್ಳೆಯದು.

ಪರೀಕ್ಷೆಗಳೆಲ್ಲ ಸರಿ ಬಂದು, ಬಾಯಲ್ಲೂ ಏನೂ ಸಿಗದಿದ್ದರೆ? ಆಗ ಯೋಚಿಸಬೇಕಾದ ಇನ್ನೊಂದು ಥರದ ಉರಿ ಇದೆ: ಬೆಳಿಗ್ಗೆ ಆರಾಮ, ಸಂಜೆಯಾಗುತ್ತಾ ಉರಿ ಜಾಸ್ತಿ, ಊಟ ಮಾಡುವಾಗ ಮಾತ್ರ ಕಡಿಮೆ. ಮುಟ್ಟು ನಿಂತ ಹೆಂಗಸರಲ್ಲಿ ಹೀಗಾಗುವುದುಂಟು. ಇದು ನರಗಳ ತೊಂದರೆ. ಮನಸ್ಸಿನ ಭ್ರಮೆ ಅಂತ ತಳ್ಳಿಹಾಕುವಂಥದ್ದಲ್ಲ, ಇದಕ್ಕೆ ಬೇರೆ ಔಷಧಿ ಇದೆ. ನಿಮಗೆ ಊಟದಲ್ಲೇ ಉರಿ ಹೆಚ್ಚಾಗುತ್ತಿರುವುದರಿಂದ ಮೊದಲು ಬಿ12 ಮತ್ತು ಕೆನ್ನೆ ಎರಡನ್ನೂ ನೋಡಿಸಿ. ನಾಲಿಗೆಯ ಒಂದೇ ಬದಿ ಉರಿದರೆ, ಬಿಳಿ ಅಥವಾ ಕೆಂಪು ಮಚ್ಚೆ ಎರಡು ವಾರವಾದರೂ ಹೋಗದಿದ್ದರೆ, ರಕ್ತದ ರಿಪೋರ್ಟಿಗೆ ಕಾಯದೆ ದಂತವೈದ್ಯರ ಹತ್ತಿರ ಹೋಗಿ.