ಅಣ್ಣ ಯಾಕೆ ‘ಕೊಟ್ಟಳು’?

ಹಿಂದಿ ಮಾತಾಡುವವರ ಕನ್ನಡ ನೋಟ್‌ಬುಕ್ ನೋಡಿದ್ದೀರಾ? ಬೆಳ್ಳಂದೂರು, ವೈಟ್‌ಫೀಲ್ಡ್ ಕಡೆಯ ಆಫೀಸುಗಳಲ್ಲಿ ಸಂಜೆ ಕ್ಲಾಸು ತೆಗೆದುಕೊಳ್ಳುವ ನನಗೆ ಅದನ್ನು ನೋಡುವುದೇ ಕೆಲಸ. ಎಡಕ್ಕೆ ಹಿಂದಿ ಪದ, ನಡುವೆ ಕನ್ನಡ ಪದ, ಬಲಕ್ಕೆ ಇನ್ನೊಂದು ಕಾಲಂ. ಆ ಕಾಲಂ ಲಿಂಗದ್ದು. ಮೇಜು, ಚಾಕು, ಬಸ್ಸು, ಮೊಸರು, ಎಲ್ಲದರ ಮುಂದೆಯೂ ಒಂದೊಂದು ಗುರುತು. ಅದು ಕಂಡ ಕೂಡಲೇ ನಾನು ಪೆನ್ನು ತೆಗೆದು ಮೇಲಿಂದ ಕೆಳಗಿನವರೆಗೆ ಗೀಟು ಹಾಕುತ್ತೇನೆ. ಕೆಲವರ ಮುಖ ಸಪ್ಪಗಾಗುತ್ತದೆ. ಪಾಪ, ಅಷ್ಟು ಕಷ್ಟಪಟ್ಟು ಬರೆದಿರುತ್ತಾರೆ.

ಆ ಕಾಲಂ ತುಂಬಿಸಿಕೊಟ್ಟವರು ಜಾಸ್ತಿ ನಮ್ಮವರೇ. ಪಕ್ಕದ ಸೀಟಿನ ಕನ್ನಡದ ಗೆಳೆಯನನ್ನು ‘ರೊಟ್ಟಿ ಗಂಡಾ, ಹೆಣ್ಣಾ?’ ಅಂತ ಕೇಳಿರುತ್ತಾರೆ. ಅವನು ಸ್ಕೂಲಿನ ಪಾಠ ನೆನಪಿಸಿಕೊಂಡು ‘ಎರಡೂ ಅಲ್ಲ, ನಪುಂಸಕಲಿಂಗ’ ಅಂದಿರುತ್ತಾನೆ. ಉತ್ತರ ಸರಿ. ಆ ಸರಿಯಾದ ಉತ್ತರ ಹಿಡಿದುಕೊಂಡೇ ಮಾರನೆಯ ದಿನ ನನ್ನ ವಿದ್ಯಾರ್ಥಿ ಬಂದು ‘ನಾನು ರೊಟ್ಟಿ ತಿಂತು’ ಅನ್ನುತ್ತಾನೆ.

ನಗಬೇಡಿ. ಅವನ ತಲೆಯಲ್ಲಿ ಒಂದು ನಿಯಮ ಅಚ್ಚುಕಟ್ಟಾಗಿ ಕೆಲಸ ಮಾಡಿದೆ. ನಿಯಮ ಹಿಂದಿಯದು, ಅಷ್ಟೇ.

ದೆಹಲಿ ಕಡೆಯ ಒಬ್ಬ ಹುಡುಗ ಹೋಂವರ್ಕಿನಲ್ಲಿ ಬರೆದಿದ್ದ ಸಾಲು ಇದು: ‘ಅಣ್ಣ ಚಾವಿ ಕೊಟ್ಟಳು, ಅತ್ತಿಗೆ ಬೀಗ ತೆಗೆದ.’ ಕ್ಲಾಸಿನಲ್ಲಿದ್ದ ಕನ್ನಡದ ಹುಡುಗಿಯೊಬ್ಬಳು ‘ಅಯ್ಯೋ, ಅಣ್ಣ ಗಂಡಸು ಅಲ್ವಾ, ಕೊಟ್ಟ ಅನ್ನಿ’ ಅಂದಳು. ಅವನು ಗೊಂದಲದಿಂದ ನೋಡಿದ. ಅಣ್ಣ ಗಂಡಸು ಅಂತ ಅವನಿಗೆ ಗೊತ್ತಿಲ್ಲವೇ? ಅಣ್ಣನ ಕಡೆ ಅವನು ನೋಡಿಯೇ ಇರಲಿಲ್ಲ. ಅವನು ನೋಡಿದ್ದು ಚಾವಿಯ ಕಡೆ.

ಹಿಂದಿಯಲ್ಲಿ ಆ ಸಾಲು ‘ಭೈಯಾ ನೇ ಚಾಬೀ ದೀ, ಭಾಭೀ ನೇ ತಾಲಾ ಖೋಲಾ’ ಅಂತ ಬರುತ್ತದೆ. ಮುಗಿದುಹೋದ ಕೆಲಸವನ್ನು ಹೇಳುವಾಗ, ಆ ಕೆಲಸಕ್ಕೆ ಒಂದು ಕರ್ಮ ಇದ್ದರೆ, ಹಿಂದಿ ಮಾಡಿದವನಿಗೆ ‘ನೇ’ ಹಚ್ಚುತ್ತದೆ. ‘ನೇ’ ಬಂತು ಅಂದರೆ ಕ್ರಿಯಾಪದ ಆ ಮನುಷ್ಯನ ಕೈ ಬಿಟ್ಟಿತು ಅಂತಲೇ ಲೆಕ್ಕ. ಆಮೇಲೆ ಅದು ಏನೂ ಅಂಟಿಸಿಕೊಳ್ಳದೆ ನಿಂತಿರುವ ಇನ್ನೊಂದು ನಾಮಪದದ ಹಿಂದೆ ಹೋಗುತ್ತದೆ. ಚಾಬೀ ಸ್ತ್ರೀಲಿಂಗ, ಹಾಗಾಗಿ ‘ದೀ’. ತಾಲಾ ಪುಲ್ಲಿಂಗ, ಹಾಗಾಗಿ ‘ಖೋಲಾ’. ಕೊಟ್ಟಿದ್ದು ಗಂಡಸು, ತೆಗೆದಿದ್ದು ಹೆಂಗಸು ಅನ್ನುವುದು ಅಲ್ಲಿ ಲೆಕ್ಕಕ್ಕೇ ಇಲ್ಲ. ಈಗ ಆ ಹುಡುಗನ ಸಾಲು ಮತ್ತೆ ಓದಿ. ‘ದೀ’ ಕೊನೆಯಲ್ಲಿ ಹೆಣ್ಣು ಕೇಳಿಸಿತು, ‘ಕೊಟ್ಟಳು’ ಬರೆದ. ‘ಖೋಲಾ’ ಕೊನೆಯಲ್ಲಿ ಗಂಡು ಕೇಳಿಸಿತು, ‘ತೆಗೆದ’ ಬರೆದ.

ಕನ್ನಡದಲ್ಲಿ ಈ ‘ನೇ’ಗೆ ಸಾಟಿಯಾದದ್ದು ಏನೂ ಇಲ್ಲ. ಕ್ರಿಯಾಪದ ಮಾಡಿದವರ ಕೈ ಬಿಡುವುದೇ ಇಲ್ಲ. ನಿನ್ನೆ ಮಾಡಿರಲಿ, ನಾಳೆ ಮಾಡಲಿ, ಏನು ಮಾಡಿದರೂ ಸರಿ, ಕೊನೆಯ ಪ್ರತ್ಯಯ ಹೇಳುವುದು ಒಂದೇ ವಿಷಯ: ಯಾರು ಮಾಡಿದ್ದು. ನಾನು ರೊಟ್ಟಿ ತಿಂದೆ. ನಾಯಿ ರೊಟ್ಟಿ ತಿಂತು. ರೊಟ್ಟಿಯ ಲಿಂಗ ಯಾವುದಾದರೂ ಆಗಲಿ, ಅದನ್ನು ಕೇಳುವವರು ಯಾರೂ ಇಲ್ಲ. ಆ ಕಾಲಂ ಮೇಲೆ ಗೀಟು ಹಾಕುವುದು ಇದಕ್ಕೇ. ಅದರಲ್ಲಿ ಬರೆದದ್ದು ಸುಳ್ಳಲ್ಲ. ಆದರೆ ಅದು ಇರುವಷ್ಟು ದಿನ ಕಣ್ಣು ವಸ್ತುವಿನ ಮೇಲೇ ಇರುತ್ತದೆ.

ಇದು ‘ನೇ’ಯಿಂದಲೇ ಆದ ತಪ್ಪು ಅಂತ ಗೊತ್ತಾಗುವುದು ಹೇಗೆ? ‘ಬಂದ, ಬಂದಳು, ಹೋದ, ಹೋದಳು’ ಇವರು ಸರಿಯಾಗಿ ಹೇಳುತ್ತಾರೆ, ಯಾಕೆಂದರೆ ಹಿಂದಿಯಲ್ಲೂ ‘ಭಾಭೀ ಆಯೀ’ ಅಂದಾಗ ‘ನೇ’ ಇಲ್ಲ. ‘ಅತ್ತಿಗೆ ಬೀಗ ತೆಗೆಯುತ್ತಾಳೆ’ ಕೂಡ ಸರಿಯಾಗಿ ಬರುತ್ತದೆ. ತಪ್ಪುವುದು ಕೊಟ್ಟ, ತಿಂದ, ಓದಿದ, ತೆಗೆದ ಇಂಥವುಗಳಲ್ಲಿ, ಅದೂ ಭೂತಕಾಲದಲ್ಲಿ ಮಾತ್ರ. ಈ ಗೆರೆ ಕಂಡರೆ ಕಾರಣದ ಬಗ್ಗೆ ಅನುಮಾನ ಬೇಡ. ಒಂದು ಎಚ್ಚರಿಕೆ ಹೇಳಬೇಕು. ‘ಹಿಂದಿಯವರು’ ಅಂತ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಬೇಡಿ. ಬಿಹಾರದಿಂದ ಬಂದವರಲ್ಲಿ ತುಂಬಾ ಜನರ ಮನೆಮಾತು ಭೋಜಪುರಿ ಅಥವಾ ಮೈಥಿಲಿ. ಅವುಗಳಲ್ಲಿ ಈ ‘ನೇ’ ಆಟ ಇಲ್ಲ. ಅವರಿಗೆ ನನ್ನ ಈ ಭಾಷಣ ಅರ್ಧಕ್ಕರ್ಧ ಬೇಕಾಗುವುದಿಲ್ಲ.

ನಾನು ಮಾಡಿಸುವ ಅಭ್ಯಾಸ ಬಹಳ ಸಪ್ಪೆ. ಬೋರ್ಡಿನ ಮೇಲೆ ‘ಅಣ್ಣ’ ಅಂತ ಬರೆದು, ಜಾಗ ಬಿಟ್ಟು, ‘ಕೊಟ್ಟ’ ಅಂತ ಬರೆಯುತ್ತೇನೆ. ನಡುವೆ ಚಾವಿ, ದುಡ್ಡು, ಪುಸ್ತಕ, ಎರಡು ಪುಸ್ತಕ, ಹತ್ತು ರೂಪಾಯಿ ಒಂದೊಂದಾಗಿ ಇಡಿಸುತ್ತೇನೆ. ಅದೇ ಸಾಲನ್ನು ಹಿಂದಿಯಲ್ಲೂ ಹೇಳಿ ಅನ್ನುತ್ತೇನೆ. ಅವರ ಬಾಯಲ್ಲಿ ದೀ, ದಿಯಾ, ದೀಂ, ದಿಯೇ ಅಂತ ನಾಲ್ಕು ರೂಪ ಉರುಳಿ ಬರುತ್ತವೆ. ಕನ್ನಡದಲ್ಲಿ ‘ಕೊಟ್ಟ’ ಅಲ್ಲೇ ಇರುತ್ತದೆ. ಆಮೇಲೆ ಚಾವಿಯನ್ನು ಮುಟ್ಟದೆ ಎಡಗಡೆಯವರನ್ನು ಬದಲಾಯಿಸುವುದು: ನಾನು ಕೊಟ್ಟೆ, ನೀವು ಕೊಟ್ಟಿರಿ, ಅಕ್ಕ ಕೊಟ್ಟಳು, ಓನರ್ ಕೊಟ್ಟರು, ಬ್ಯಾಂಕು ಕೊಟ್ಟಿತು. ಈಗ ಕನ್ನಡ ಕುಣಿಯುತ್ತದೆ, ಹಿಂದಿ ‘ದೀ’ ಅಂತ ಕಲ್ಲಿನ ಹಾಗೆ ಕೂತಿರುತ್ತದೆ. ಇದನ್ನು ನಾನು ಬಾಯಲ್ಲಿ ವಿವರಿಸಿದರೆ ತಲೆಯಾಡಿಸುತ್ತಾರೆ, ಮರೆಯುತ್ತಾರೆ. ಅವರ ಬಾಯಿಂದಲೇ ಬಂದರೆ ನೆನಪಿರುತ್ತದೆ.

ಜಾಣರು ಇಲ್ಲಿ ಒಂದು ತಕರಾರು ತೆಗೆಯುತ್ತಾರೆ. ‘ಮೇಡಂ, ನನಗೆ ಜ್ವರ ಬಂತು ಅನ್ನುತ್ತೀರಲ್ಲ, ಅಲ್ಲಿ ನಾನು ಇದ್ದೀನಲ್ಲ?’ ಒಳ್ಳೆಯ ಪ್ರಶ್ನೆ. ‘ನನಗೆ’ ಅಂದಾಗ ನೀವು ಏನೂ ಮಾಡಿಲ್ಲ, ಬಂದದ್ದು ಜ್ವರ. ಯಾವುದು ಬಂತು ಅಂತ ಕೇಳಿ ನೋಡಿ. ಜ್ವರ ಆದರೂ ಬಂತು, ಕೆಮ್ಮು ಆದರೂ ಬಂತು. ಹಿಂದಿಯವರಿಗೆ ಬುಖಾರ್ ‘ಆಯಾ’, ಖಾಂಸೀ ‘ಆಯೀ’.

ಇನ್ನು ನನ್ನನ್ನು ನಿಜಕ್ಕೂ ಕಾಡುವ ತಪ್ಪು ಬೇರೆ. ಅದು ಕೇಳಿಸುವುದೇ ಇಲ್ಲ. ‘ನಮ್ಮ ಮ್ಯಾನೇಜರ್ ರಜೆ ಹಾಕಿದ್ದಾರೆ, ಅವಳ ಹೆಂಡತಿಗೆ ಹುಷಾರಿಲ್ಲ’ ಅಂತ ಒಬ್ಬರು ಹೇಳಿದರು. ಮ್ಯಾನೇಜರ್ ಗಂಡಸು. ಹಿಂದಿಯಲ್ಲಿ ‘ಉಸಕೀ ಪತ್ನೀ’. ಆ ‘ಕೀ’ ಬಂದದ್ದು ಹೆಂಡತಿಯಿಂದ, ಮ್ಯಾನೇಜರಿಂದ ಅಲ್ಲ. ‘ಉಸ್’ ಅನ್ನುವುದರಲ್ಲಿ ಅವನೂ ಇದ್ದಾನೆ, ಅವಳೂ ಇದ್ದಾಳೆ. ಇವರು ಮಾತ್ರ ಉಸಕಾ ಅಂದರೆ ಅವನ, ಉಸಕೀ ಅಂದರೆ ಅವಳ ಅಂತ ಜೋಡಿ ಮಾಡಿಟ್ಟುಕೊಂಡಿರುತ್ತಾರೆ. ಕನ್ನಡದಲ್ಲಿ ‘ಅವನ’, ‘ಅವಳ’ ಹೇಳುವುದು ಯಾರದ್ದು ಅಂತ, ಏನು ಅಂತ ಅಲ್ಲ.

‘ಅವಳ ಹೆಂಡತಿ’ ಅಂದರೆ ಯಾರಾದರೂ ತಡೆದು ಕೇಳುತ್ತಾರೆ, ತಪ್ಪು ಸಿಕ್ಕಿಬೀಳುತ್ತದೆ. ಆದರೆ ‘ಅವಳ ಗಾಡಿ ಗೇಟಿನ ಮುಂದೆ ಇದೆ’ ಅಂದರೆ? ಗಾಡೀ ಹಿಂದಿಯಲ್ಲಿ ಸ್ತ್ರೀಲಿಂಗ. ಮೂರನೇ ಮಹಡಿಯ ಹುಡುಗನ ಗಾಡಿಗೆ ಇವರು ಹಾಗೆ ಹೇಳಿದರೆ, ಸೆಕ್ಯೂರಿಟಿಯವರು ಸೀದಾ ಹೋಗಿ ಎದುರು ಮನೆಯ ಹುಡುಗಿಯ ಬೆಲ್ ಒತ್ತುತ್ತಾರೆ. ವ್ಯಾಕರಣದಲ್ಲಿ ಆ ಸಾಲು ಪೂರ್ತಿ ಸರಿ. ಹಾಗಾಗಿ ಕಲಿಸುವವರು ಕೇಳಿ ಸುಮ್ನೆ ಬಿಡಬೇಡಿ. ‘ಅವಳ’ ಅಂದ ಕೂಡಲೇ ‘ಯಾರ ಗಾಡಿ?’ ಅಂತ ಒಂದು ಸಲ ಕೇಳಿ.

ಉಳಿದದ್ದು ಸುಲಭ. ಹೆಂಗಸರು ಪದೇ ಪದೇ ‘ಹೋಗ್ತೀನಿ’ ಅನ್ನುವುದಕ್ಕೆ ಸ್ತ್ರೀಲಿಂಗ ಯಾವುದು ಅಂತ ಕೇಳುತ್ತಾರೆ. ಅವರ ಭಾಷೆಯಲ್ಲಿ ‘ಮೈಂ ಜಾತಾ ಹೂಂ’, ‘ಮೈಂ ಜಾತೀ ಹೂಂ’ ಬೇರೆ ಬೇರೆ. ನಮ್ಮಲ್ಲಿ ನಾನು, ನೀನು, ನೀವು ಅಂದಾಗ ಲಿಂಗದ ಮಾತೇ ಇಲ್ಲ. ‘ಬರಲ್ಲ’, ‘ಬರಲಿಲ್ಲ’ ಅನ್ನುವಾಗಲಂತೂ ಯಾರು ಅನ್ನುವುದೂ ಬೇಡ. ನಾನು ಬರಲಿಲ್ಲ, ಅವಳು ಬರಲಿಲ್ಲ, ಬಸ್ಸು ಬರಲಿಲ್ಲ. ಇದನ್ನು ಕೇಳಿದ ದಿನ ಕ್ಲಾಸು ಪೂರ್ತಿ ಖುಷಿಯಾಗಿರುತ್ತದೆ. ತಿರುಗಾ ಬೀಳುವುದು ‘ಇದೆ’ಯಲ್ಲಿ. ಹಿಂದಿಯ ‘ಹೈ’ ಗಂಡು, ಹೆಣ್ಣು, ವಸ್ತು ಎಲ್ಲಕ್ಕೂ ಒಂದೇ. ಅದನ್ನೇ ನಂಬಿ ‘ಅಣ್ಣ ಮನೆಯಲ್ಲಿ ಇದೆ’ ಅಂದುಬಿಡುತ್ತಾರೆ. ಮನುಷ್ಯರಿಗೆ ಇದ್ದಾನೆ, ಇದ್ದಾಳೆ, ಇದ್ದಾರೆ.

ಹಾಗಾದರೆ ಗಂಡು, ಹೆಣ್ಣು ಅಂತ ಆರಿಸಬೇಕಾದ್ದು ಎಷ್ಟು? ಮೂರನೆಯವರ ಬಗ್ಗೆ ಮಾತಾಡುವಾಗ, ಅವರು ಮನುಷ್ಯರಾಗಿದ್ದು, ಒಬ್ಬರೇ ಆಗಿದ್ದು, ನಾವು ಏಕವಚನ ಬಳಸಿದರೆ ಮಾತ್ರ. ಬೆಂಗಳೂರಿನಲ್ಲಿ ಹೊಸಬರಿಗೆ ನಾನು ಆ ಏಕವಚನವನ್ನೇ ಮೊದಲ ತಿಂಗಳು ಕೊಡುವುದಿಲ್ಲ. ದೊಡ್ಡವರು ಯಾರೇ ಇರಲಿ, ‘ಅವರು’ ಮತ್ತು ‘ರು’. ಓನರ್ ಬಂದರು, ಅಡುಗೆಯವರು ಹೋದರು, ಪೊಲೀಸರು ಕೇಳಿದರು. ಹಿಂದಿಯಲ್ಲಿ ಪುಲಿಸ್ ಸ್ತ್ರೀಲಿಂಗ, ‘ಪುಲಿಸ್ ಆಯೀ’. ಅದನ್ನು ‘ಪೊಲೀಸ್ ಬಂದಳು’ ಅಂತ ಸ್ಟೇಷನ್ ಮುಂದೆ ಹೇಳಬಾರದು ಅಲ್ವಾ? ‘ಅವರು’ ಅಂದರೆ ಲಿಂಗದ ತಾಪತ್ರಯ ತಪ್ಪಿತು, ಮರ್ಯಾದೆಯೂ ಉಳಿಯಿತು. ಮನೆ ಓನರ್ ಅಜ್ಜಿಯನ್ನು ‘ಬಂದಳು’ ಅಂದು ಬೈಸಿಕೊಂಡವರನ್ನು ನಾನು ನೋಡಿದ್ದೇನೆ. ವ್ಯಾಕರಣ ಸರಿಯೇ ಇತ್ತು.

ಅಂಚಿನಲ್ಲಿ ಒಂದಿಷ್ಟು ವಿನಾಯಿತಿಗಳಿವೆ, ಅವಕ್ಕೆ ಹೆದರಬೇಕಾಗಿಲ್ಲ. ಮಗು ಮನುಷ್ಯನೇ ಆದರೂ ‘ಅಳುತ್ತಿದೆ’. ಹಸು, ಬೆಕ್ಕು ‘ಬಂತು’, ಆದರೆ ಮನೆಯಲ್ಲಿ ಸಾಕಿದ ನಾಯಿಗೆ ‘ಬಂದ’ ಅನ್ನುವವರೂ ಉಂಟು. ಸೂರ್ಯ ‘ಹುಟ್ಟಿದ’. ಹವ್ಯಕರ ಮನೆಮಾತಿನಲ್ಲಿ ಹೆಂಗಸರಿಗೂ ‘ಬಂತು’ ಅನ್ನುವ ರೂಢಿ ಇದೆ. ಆಫೀಸಿನ ಹವ್ಯಕ ಗೆಳತಿ ಫೋನಿನಲ್ಲಿ ಹಾಗೆ ಮಾತಾಡಿದ್ದನ್ನು ಕೇಳಿ ಒಬ್ಬರು ‘ಅವರದ್ದು ತಪ್ಪು ತಾನೇ?’ ಅಂತ ನನ್ನನ್ನು ಕೇಳಿದರು. ತಪ್ಪಲ್ಲ, ಅದು ಅವರ ಮನೆಯ ಕನ್ನಡ. ನೀವು ಈಗಲೇ ಅದನ್ನು ಬಳಸಬೇಡಿ, ಅಷ್ಟೇ.

‘ರು’ ಇದ್ದರೆ ಬಹುವಚನ ಅಂತ ಗಟ್ಟಿಯಾಗಿ ಕಲಿತವರೊಬ್ಬರು, ‘ದೇವರು ಇದ್ದಾನೆ’ ಅಂತ ಆಟೋ ಹಿಂದೆ ಬರೆದಿದ್ದನ್ನು ಫೋಟೋ ತೆಗೆದು ತಂದು ತೋರಿಸಿದರು. ಹೆಸರಿನಲ್ಲಿ ‘ರು’, ಕ್ರಿಯಾಪದದಲ್ಲಿ ‘ಆನೆ’. ಅದೊಂದನ್ನು ಹಾಗೇ ಬಾಯಿಪಾಠ ಮಾಡಿಕೊಳ್ಳಿ ಅಂದು ಮುಂದಿನ ಪಾಠಕ್ಕೆ ಹೋದೆ.